ಎಣ್ಣೆ ಮಿಲ್ಲಿನ ಯಂತ್ರಕ್ಕೆ ಸವಕಳಿ ಹಾಕುವ ಬಗೆ: ಸ್ಥಿರ ಕಂತು ಮತ್ತು ಇಳಿಕೆ ಶಿಲ್ಕು

ಚಳ್ಳಕೆರೆಯ ಎಣ್ಣೆ ಮಿಲ್ಲುಗಳ ಲೆಕ್ಕ ನೋಡಿಕೊಳ್ಳುವವರಿಂದಲೂ ದಾವಣಗೆರೆಯಲ್ಲಿ ವಾಣಿಜ್ಯಶಾಸ್ತ್ರ ಓದುತ್ತಿರುವ ವಿದ್ಯಾರ್ಥಿಗಳಿಂದಲೂ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ಒಂದೇ ಯಂತ್ರ, ಒಂದೇ ಬೆಲೆ, ಒಂದೇ ಆಯುಷ್ಯ ಇದ್ದಾಗ ಒಂದು ಪದ್ಧತಿಯಲ್ಲಿ ಮೊದಲ ವರ್ಷದ ಸವಕಳಿ ನಲವತ್ತೈದು ಸಾವಿರ, ಇನ್ನೊಂದರಲ್ಲಿ ಒಂದು ಲಕ್ಷ ಬರುವುದು ಹೇಗೆ, ಮತ್ತು ಇವುಗಳಲ್ಲಿ ಸರಿ ಯಾವುದು? ಎರಡೂ ಸರಿ. ಎರಡೂ ಪದ್ಧತಿಗಳು ಒಟ್ಟಾರೆ ಖರ್ಚಿಗೆ ಬರೆಯುವ ಮೊತ್ತ ಒಂದೇ ಆಗಿದ್ದು, ಯಾವ ವರ್ಷದ ಪಾಲಿಗೆ ಎಷ್ಟು ಎಂಬುದು ಮಾತ್ರ ಬೇರೆಯಾಗುತ್ತದೆ. ಕಡಲೆಕಾಯಿ ಬೀಜದಿಂದ ಎಣ್ಣೆ ತೆಗೆಯುವ ಒಂದು ಎಕ್ಸ್‌ಪೆಲ್ಲರ್ ಯಂತ್ರವನ್ನು ಉದಾಹರಣೆಯಾಗಿ ಇಟ್ಟುಕೊಂಡು, ಖರೀದಿಯ ದಿನದಿಂದ ಮಾರಾಟದ ದಿನದವರೆಗೆ ಈ ಲೆಕ್ಕವನ್ನು ಹಂತ ಹಂತವಾಗಿ ಮಾಡಿ ನೋಡೋಣ. ಉದಾಹರಣೆಯ ಬೆಲೆಗಳನ್ನು ಲೆಕ್ಕ ತಿಳಿಯಲೆಂದು ಊಹಿಸಿಕೊಂಡಿದ್ದೇನೆ. ನಿಮ್ಮ ಬಿಲ್ಲಿನಲ್ಲಿರುವ ಮೊತ್ತವನ್ನು ಅವುಗಳ ಜಾಗದಲ್ಲಿ ಇಟ್ಟುಕೊಳ್ಳಿ.

ಸವಕಳಿ ಎಂದರೆ ಯಂತ್ರಕ್ಕೆ ಒಮ್ಮೆಗೇ ಕೊಟ್ಟ ಹಣವನ್ನು, ಆ ಯಂತ್ರ ದುಡಿದುಕೊಡುವ ಅಷ್ಟೂ ವರ್ಷಗಳ ಖರ್ಚಾಗಿ ಹಂಚುವುದು. ಇವತ್ತು ಪೇಟೆಯಲ್ಲಿ ಯಂತ್ರ ಎಷ್ಟಕ್ಕೆ ಹೋಗುತ್ತದೆ ಎಂಬುದನ್ನು ಅದು ಹೇಳುವುದಿಲ್ಲ. ಈ ಒಂದು ಮಾತು ಮನಸ್ಸಿನಲ್ಲಿದ್ದರೆ ಮುಂದಿನ ಗೊಂದಲಗಳಲ್ಲಿ ಅರ್ಧದಷ್ಟು ತಾನಾಗಿಯೇ ಕಡಿಮೆಯಾಗುತ್ತವೆ.

ಮೊದಲು ಕೈಯಲ್ಲಿ ಇರಬೇಕಾದದ್ದು

ಖರೀದಿ ಬಿಲ್ಲು, ಸಾಗಣೆ ಮತ್ತು ಅಳವಡಿಕೆಯ ರಸೀದಿಗಳು, ಯಂತ್ರ ಓಡಲು ಸಿದ್ಧವಾದ ದಿನಾಂಕ, ಅದು ಎಷ್ಟು ವರ್ಷ ಬಾಳುತ್ತದೆಂಬ ಅಂದಾಜು, ಆಮೇಲೆ ಗುಜರಿಗೆ ಹಾಕಿದರೆ ಸಿಗಬಹುದಾದ ಹಣ. ಇಷ್ಟಿದ್ದರೆ ಸಾಕು.

ಹಂತ 1: ಮೂಲ ವೆಚ್ಚವನ್ನು ಕಟ್ಟಿಕೊಳ್ಳಿ

ಬಿಲ್ಲಿನಲ್ಲಿರುವ ಬೆಲೆಯೊಂದೇ ಮೂಲ ವೆಚ್ಚವಲ್ಲ. ಯಂತ್ರವನ್ನು ಅದರ ಜಾಗಕ್ಕೆ ತಂದು, ಕೆಲಸಕ್ಕೆ ಅಣಿಗೊಳಿಸುವವರೆಗೆ ತಗುಲಿದ ಖರ್ಚೆಲ್ಲ ಅದರಲ್ಲಿ ಸೇರುತ್ತದೆ. ನಮ್ಮ ಎಕ್ಸ್‌ಪೆಲ್ಲರ್‌ನ ಬೆಲೆ ಜಿಎಸ್‌ಟಿ ಬಿಟ್ಟು 4,60,000 ರೂಪಾಯಿ, ಲಾರಿ ಬಾಡಿಗೆ ಮತ್ತು ಇಳಿಸುವ ಕೂಲಿ 12,000, ಕಾಂಕ್ರೀಟಿನ ಅಡಿಪಾಯ 18,000, ವೈರಿಂಗ್ ಮತ್ತು ಜೋಡಣೆ 10,000. ಒಟ್ಟು 5,00,000 ರೂಪಾಯಿ. ಯಂತ್ರ ಓಡಲು ಆರಂಭಿಸಿದ ಮೇಲಿನ ಸಾಲದ ಬಡ್ಡಿ, ವಾರ್ಷಿಕ ನಿರ್ವಹಣೆಯ ಕರಾರು, ಆಪರೇಟರ್‌ನ ತರಬೇತಿ ಇವು ಮೂಲ ವೆಚ್ಚಕ್ಕೆ ಸೇರುವುದಿಲ್ಲ; ಅವು ಆಯಾ ವರ್ಷದ ಖರ್ಚಾಗಿಯೇ ಹೋಗಬೇಕು.

ಇಲ್ಲಿ ತಪ್ಪುವುದು ಹೆಚ್ಚಾಗಿ ಜಿಎಸ್‌ಟಿಯ ವಿಚಾರದಲ್ಲಿ. ತೆರಿಗೆ ಶೇ. 18 ಎಂದುಕೊಂಡರೆ 4,60,000ದ ಮೇಲೆ 82,800 ರೂಪಾಯಿ ಆಗುತ್ತದೆ. ಈ ಹಣವನ್ನು ನೀವು ಹೂಡುವಳಿ ತೆರಿಗೆಯಾಗಿ, ಅಂದರೆ ಎಣ್ಣೆ ಮಾರಾಟದ ಮೇಲೆ ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಮುರಿದುಕೊಳ್ಳುವ ಮೊತ್ತವಾಗಿ, ಪಡೆಯುವಿರಾದರೆ ಅದನ್ನು ಮೂಲ ವೆಚ್ಚಕ್ಕೆ ಸೇರಿಸಿ ಸವಕಳಿ ಹಾಕುವಂತಿಲ್ಲ. ಜಿಎಸ್‌ಟಿ ಕಾಯಿದೆಯ 16(3)ನೇ ಕಲಮು ಇದನ್ನು ಸ್ಪಷ್ಟವಾಗಿ ತಡೆಯುತ್ತದೆ: ತೆರಿಗೆಯ ಭಾಗಕ್ಕೂ ಸವಕಳಿ ಪಡೆದರೆ ಆ ತೆರಿಗೆಯ ಮುರಿತ ಸಿಗುವುದಿಲ್ಲ. ಹಾಗೆಯೇ ಯಂತ್ರದ ಬೆಲೆಯ ಒಂದು ಪಾಲನ್ನು ಸರ್ಕಾರ ಸಹಾಯಧನವಾಗಿ ಕೊಟ್ಟಿದ್ದರೆ, ಆದಾಯ ತೆರಿಗೆಯ ಲೆಕ್ಕದಲ್ಲಿ ಅಷ್ಟನ್ನು ಮೂಲ ವೆಚ್ಚದಿಂದ ಕಳೆದೇ ಮುಂದಕ್ಕೆ ಹೋಗಬೇಕು.

ಹಂತ 2: ಆಯುಷ್ಯ ಮತ್ತು ಗುಜರಿ ಬೆಲೆಯನ್ನು ಅಂದಾಜು ಮಾಡಿ

ಉಪಯುಕ್ತ ಆಯುಷ್ಯ ಎಂದರೆ ಯಂತ್ರ ತುಕ್ಕು ಹಿಡಿದು ಬೀಳುವವರೆಗಿನ ಕಾಲವಲ್ಲ. ನಿಮ್ಮ ಮಿಲ್ಲಿನಲ್ಲಿ ಅದರಿಂದ ಲಾಭಕರವಾಗಿ ಕೆಲಸ ತೆಗೆಯಬಹುದಾದ ಕಾಲ. ಎಕ್ಸ್‌ಪೆಲ್ಲರ್‌ನಲ್ಲಿ ಬೀಜವನ್ನು ಒತ್ತುವ ವರ್ಮ್, ಅದನ್ನು ಸುತ್ತುವರಿದ ಕೇಜ್ ಬಾರ್‌ಗಳು ಬೇಗ ಸವೆಯುತ್ತವೆ, ಅವನ್ನು ಬದಲಿಸುತ್ತಲೇ ಇರುತ್ತೇವೆ. ಆದ್ದರಿಂದ ಅವುಗಳ ಬಾಳಿಕೆಯನ್ನು ಯಂತ್ರದ ಆಯುಷ್ಯವೆಂದು ಹಿಡಿಯಬಾರದು. ಚೌಕಟ್ಟು, ಗೇರ್ ಬಾಕ್ಸ್, ಮುಖ್ಯ ಶಾಫ್ಟ್ ಇವು ಎಷ್ಟು ಹಂಗಾಮು ತಾಳುತ್ತವೆ ಎಂಬುದನ್ನು ನೋಡಬೇಕು. ಎರಡು ಪಾಳಿ ಓಡಿಸುವ ಮಿಲ್ಲಿನ ಅಂದಾಜು, ಕಡಲೆಕಾಯಿ ಬರುವ ಕೆಲವೇ ತಿಂಗಳು ಓಡಿಸುವ ಮಿಲ್ಲಿನ ಅಂದಾಜಿಗಿಂತ ಕಡಿಮೆ ಇರುವುದು ಸಹಜ.

ನಿಮ್ಮದು ಕಂಪನಿಯಾಗಿದ್ದರೆ 2013ರ ಕಂಪನಿ ಕಾಯಿದೆಯ ಎರಡನೇ ಅನುಸೂಚಿಯನ್ನು ತೆರೆದು ನೋಡಬೇಕು. ವಿಶೇಷ ವರ್ಗಕ್ಕೆ ಸೇರದ ಸಾಮಾನ್ಯ ಯಂತ್ರಗಳಿಗೆ ಅದು 15 ವರ್ಷದ ಆಯುಷ್ಯವನ್ನು ಸೂಚಿಸುತ್ತದೆ, ಉಳಿಕೆ ಬೆಲೆ ಸಾಮಾನ್ಯವಾಗಿ ಮೂಲ ವೆಚ್ಚದ ಶೇ. 5ನ್ನು ಮೀರಬಾರದು ಎನ್ನುತ್ತದೆ. ಬೇರೆ ಅಂದಾಜು ಬಳಸುವ ಕಂಪನಿ ಅದಕ್ಕೆ ತಾಂತ್ರಿಕ ಆಧಾರ ಕೊಟ್ಟು ಲೆಕ್ಕಪತ್ರದಲ್ಲಿ ತಿಳಿಸಬೇಕು. ನಮ್ಮ ಉದಾಹರಣೆಯ ಮಿಲ್ಲು ಒಬ್ಬರೇ ಮಾಲೀಕರದ್ದು. ಹಾಗಾಗಿ ಆಯುಷ್ಯ 10 ವರ್ಷ, ಗುಜರಿ ಬೆಲೆ 50,000 ರೂಪಾಯಿ ಎಂದು ಇಟ್ಟುಕೊಂಡಿದ್ದೇವೆ. ಸವಕಳಿಯಾಗಿ ಹಂಚಬೇಕಾದದ್ದು 4,50,000 ರೂಪಾಯಿ.

ಹಂತ 3: ಸ್ಥಿರ ಕಂತು ಪದ್ಧತಿ

ಇದನ್ನು ಸರಳ ರೇಖಾ ಪದ್ಧತಿ ಎಂದೂ ಕರೆಯುತ್ತಾರೆ. ಮೂಲ ವೆಚ್ಚದಲ್ಲಿ ಗುಜರಿ ಬೆಲೆಯನ್ನು ಕಳೆದು, ಉಳಿದದ್ದನ್ನು ಆಯುಷ್ಯದಿಂದ ಭಾಗಿಸಿದರೆ ಮುಗಿಯಿತು: 4,50,000 ÷ 10 = 45,000 ರೂಪಾಯಿ. ಹತ್ತು ವರ್ಷವೂ ಇದೇ ಮೊತ್ತ. ಮೊದಲ ವರ್ಷದ ಕೊನೆಗೆ ಪುಸ್ತಕ ಮೌಲ್ಯ, ಅಂದರೆ ಲೆಕ್ಕದ ಪುಸ್ತಕದಲ್ಲಿ ಇನ್ನೂ ಖರ್ಚಾಗದೆ ಉಳಿದ ಮೊತ್ತ, 4,55,000. ಎರಡನೆಯ ವರ್ಷದ ಕೊನೆಗೆ 4,10,000. ಹೀಗೆ ಇಳಿಯುತ್ತ ಹತ್ತನೆಯ ವರ್ಷದ ಕೊನೆಗೆ ಸರಿಯಾಗಿ 50,000ಕ್ಕೆ ಬಂದು ನಿಲ್ಲುತ್ತದೆ.

45,000 ಎಂಬುದು ಮೂಲ ವೆಚ್ಚದ ಶೇ. 9. ಈ ಶೇ. 9ನ್ನು ನೆನಪಿನಲ್ಲಿಡಿ, ಮುಂದಿನ ಹಂತದಲ್ಲಿ ಅದರಿಂದಲೇ ಒಂದು ದೊಡ್ಡ ತಪ್ಪು ಹುಟ್ಟುತ್ತದೆ.

ಹಂತ 4: ಇಳಿಕೆ ಶಿಲ್ಕು ಪದ್ಧತಿ

ಇಲ್ಲಿ ಸ್ಥಿರವಾಗಿರುವುದು ಮೊತ್ತವಲ್ಲ, ದರ. ಪ್ರತಿ ವರ್ಷವೂ ಆ ವರ್ಷದ ಆರಂಭದಲ್ಲಿ ಉಳಿದಿರುವ ಶಿಲ್ಕಿನ ಮೇಲೆ ಅದೇ ದರವನ್ನು ಹಾಕುತ್ತೇವೆ. ಶಿಲ್ಕು ವರ್ಷದಿಂದ ವರ್ಷಕ್ಕೆ ಇಳಿಯುವುದರಿಂದ ಸವಕಳಿಯೂ ಅದರ ಜೊತೆಗೇ ಇಳಿಯುತ್ತದೆ.

ಆ ದರ ಎಲ್ಲಿಂದ ಬರುತ್ತದೆ ಎಂಬುದನ್ನು ಬಹಳ ಜನ ಕೇಳುವುದೇ ಇಲ್ಲ, ಯಾರೋ ಹೇಳಿದ ದರವನ್ನು ಹಾಕಿಬಿಡುತ್ತಾರೆ. ದರವನ್ನು ನಾವೇ ಕಂಡುಕೊಳ್ಳಬೇಕು. ಶೇ. 20ರ ದರ ಹಾಕಿದರೆ ಪ್ರತಿ ವರ್ಷ ಶಿಲ್ಕಿನ ಶೇ. 80 ಉಳಿಯುತ್ತದೆ. ಹತ್ತು ವರ್ಷವಾದರೆ 0.8ನ್ನು ಹತ್ತು ಸಲ ಗುಣಿಸಿದಂತೆ. ನಮಗೆ ಬೇಕಾದದ್ದು, ಹೀಗೆ ಹತ್ತು ಸಲ ಗುಣಿಸಿದಾಗ 5,00,000 ಎಂಬುದು 50,000ಕ್ಕೆ, ಎಂದರೆ ಹತ್ತನೇ ಒಂದು ಭಾಗಕ್ಕೆ, ಇಳಿಯುವಂಥ ದರ. ಸೂತ್ರ ಹೀಗಿದೆ:

ದರ = 1 − (ಗುಜರಿ ಬೆಲೆ ÷ ಮೂಲ ವೆಚ್ಚ) ರ n-ನೇ ಮೂಲ; ಇಲ್ಲಿ n ಎಂದರೆ ಆಯುಷ್ಯದ ವರ್ಷಗಳು.

ಕಂಪ್ಯೂಟರಿನ ಎಕ್ಸೆಲ್ ಹಾಳೆಯಲ್ಲಿ ಒಂದು ಚೌಕದೊಳಗೆ ಹೀಗೆ ಟೈಪ್ ಮಾಡಿದರೆ ಉತ್ತರ ಬರುತ್ತದೆ:

```
=1-(50000/500000)^(1/10)
```

ಉತ್ತರ 0.2057, ಅಂದರೆ ಶೇ. 20.57. ಕೈಲೆಕ್ಕಕ್ಕೆ ಸುಲಭವಾಗಲೆಂದು ಇದನ್ನು ಶೇ. 20 ಎಂದು ಇಟ್ಟುಕೊಳ್ಳೋಣ. ಮೊದಲ ವರ್ಷ 5,00,000ದ ಶೇ. 20 ಎಂದರೆ 1,00,000 ರೂಪಾಯಿ ಸವಕಳಿ, ಉಳಿದ ಶಿಲ್ಕು 4,00,000. ಎರಡನೆಯ ವರ್ಷ ಈ 4,00,000ದ ಶೇ. 20, ಎಂದರೆ 80,000. ಹೀಗೆ ಮುಂದುವರಿಸಿದಾಗ ಹತ್ತನೆಯ ವರ್ಷದ ಕೊನೆಗೆ 53,687 ರೂಪಾಯಿ ಉಳಿಯುತ್ತದೆ. ದರವನ್ನು ಅರ್ಧ ಶೇಕಡದಷ್ಟು ಇಳಿಸಿದ್ದರಿಂದ ಹೆಚ್ಚಾಗಿ ಉಳಿದ ಈ 3,687 ರೂಪಾಯಿಯನ್ನು ಕೊನೆಯ ವರ್ಷದ ಸವಕಳಿಗೆ ಸೇರಿಸಿದರೆ ಪುಸ್ತಕ ಮೌಲ್ಯ 50,000ಕ್ಕೆ ಸರಿಹೊಂದುತ್ತದೆ. ಪೈಸೆಗಳನ್ನು ಹತ್ತಿರದ ರೂಪಾಯಿಗೆ ತಂದು ಎರಡೂ ಪದ್ಧತಿಗಳನ್ನು ಪಕ್ಕಪಕ್ಕ ಇಟ್ಟಿದ್ದೇನೆ:

| ವರ್ಷ | ಸ್ಥಿರ ಕಂತು: ಸವಕಳಿ | ಇಳಿಕೆ ಶಿಲ್ಕು: ಸವಕಳಿ | ಇಳಿಕೆ ಶಿಲ್ಕು: ವರ್ಷಾಂತ್ಯದ ಮೌಲ್ಯ |
|---|---|---|---|
| 1 | 45,000 | 1,00,000 | 4,00,000 |
| 2 | 45,000 | 80,000 | 3,20,000 |
| 3 | 45,000 | 64,000 | 2,56,000 |
| 4 | 45,000 | 51,200 | 2,04,800 |
| 5 | 45,000 | 40,960 | 1,63,840 |
| 6 | 45,000 | 32,768 | 1,31,072 |
| 7 | 45,000 | 26,214 | 1,04,858 |
| 8 | 45,000 | 20,972 | 83,886 |
| 9 | 45,000 | 16,777 | 67,109 |
| 10 | 45,000 | 17,109 | 50,000 |

ಎರಡನೆಯ ಮತ್ತು ಮೂರನೆಯ ಅಂಕಣಗಳನ್ನು ಮೇಲಿನಿಂದ ಕೆಳಗೆ ಕೂಡಿ ನೋಡಿ. ಎರಡರ ಮೊತ್ತವೂ 4,50,000 ರೂಪಾಯಿಯೇ. ನಾಲ್ಕನೆಯ ವರ್ಷದವರೆಗೆ ಇಳಿಕೆ ಶಿಲ್ಕಿನ ಸವಕಳಿ ಹೆಚ್ಚು, ಐದನೆಯ ವರ್ಷದಿಂದ ಅದು ಸ್ಥಿರ ಕಂತಿಗಿಂತ ಕೆಳಗಿಳಿಯುತ್ತದೆ.

ಈ ಹಂತದಲ್ಲಿ ಮೂರು ತಪ್ಪುಗಳು ಪದೇ ಪದೇ ಆಗುತ್ತವೆ. ಮೊದಲನೆಯದು ಅತ್ಯಂತ ದುಬಾರಿ: ಸ್ಥಿರ ಕಂತಿನ ಶೇ. 9ರ ದರವನ್ನೇ ತಂದು ಇಳಿಕೆ ಶಿಲ್ಕಿಗೆ ಹಾಕುವುದು. ಆಗ ಮೊದಲ ವರ್ಷ 45,000 ಬರುವುದರಿಂದ ಲೆಕ್ಕ ಸರಿಯಿದೆ ಎಂದೇ ಕಾಣುತ್ತದೆ. ಆದರೆ ಎರಡನೆಯ ವರ್ಷದಿಂದ ಮೊತ್ತ ಇಳಿಯುತ್ತ ಹೋಗಿ, ಹತ್ತು ವರ್ಷ ಮುಗಿದಾಗ ಪುಸ್ತಕದಲ್ಲಿ 1,94,708 ರೂಪಾಯಿ ಉಳಿದುಬಿಡುತ್ತದೆ. ಗುಜರಿಯವನು ಕೊಡುವುದು 50,000 ಮಾತ್ರ. ಮಿಕ್ಕ 1,44,708 ರೂಪಾಯಿ ಯಾವ ವರ್ಷದ ಖರ್ಚಿಗೂ ಹೋಗದೆ, ಯಂತ್ರವನ್ನು ಕಳಚುವ ವರ್ಷದಲ್ಲಿ ಒಮ್ಮೆಲೇ ನಷ್ಟವಾಗಿ ತಲೆ ಮೇಲೆ ಬೀಳುತ್ತದೆ. ಅಷ್ಟು ವರ್ಷ ತೋರಿಸಿದ ಲಾಭದಲ್ಲಿ ಅಷ್ಟು ಭಾಗ ನಿಜವಾದದ್ದಾಗಿರಲಿಲ್ಲ ಎಂದೇ ಅದರ ಅರ್ಥ.

ಎರಡನೆಯದು, ಇಳಿಕೆ ಶಿಲ್ಕಿನಲ್ಲೂ ಮೊದಲೇ ಗುಜರಿ ಬೆಲೆಯನ್ನು ಕಳೆದು 4,50,000ದ ಮೇಲೆ ದರ ಹಾಕುವುದು. ದರವನ್ನು ಕಂಡುಹಿಡಿಯುವಾಗಲೇ ಗುಜರಿ ಬೆಲೆ ಅದರೊಳಗೆ ಸೇರಿಕೊಂಡಿದೆ, ಮತ್ತೆ ಕಳೆದರೆ ಎರಡು ಸಲ ಕಳೆದಂತಾಗುತ್ತದೆ. ಹಾಗೆ ಮಾಡಿದವರ ಪುಸ್ತಕದಲ್ಲಿ ಹತ್ತು ವರ್ಷದ ಕೊನೆಗೆ 50,000ದ ಬದಲು 98,318 ರೂಪಾಯಿ ನಿಂತಿರುತ್ತದೆ.

ಮೂರನೆಯದು, ಗುಜರಿ ಬೆಲೆಯನ್ನು ಸೊನ್ನೆ ಎಂದು ಹಾಕಿ ಸೂತ್ರವನ್ನು ಬಳಸುವುದು. ಆಗ ದರ ಶೇ. 100 ಬಂದು, ಇಡೀ ಯಂತ್ರ ಮೊದಲ ವರ್ಷದಲ್ಲೇ ಮಾಯವಾಗುತ್ತದೆ. ಶೇಕಡ ಲೆಕ್ಕದಲ್ಲಿ ಕಡಿಮೆ ಮಾಡುತ್ತ ಹೋದರೆ ಶಿಲ್ಕು ಎಂದಿಗೂ ಸೊನ್ನೆ ತಲುಪುವುದಿಲ್ಲವಾದ್ದರಿಂದ, ಗುಜರಿ ಬೆಲೆ ಏನೂ ಇಲ್ಲದ ಯಂತ್ರಕ್ಕೆ ಈ ಸೂತ್ರ ಒಗ್ಗುವುದಿಲ್ಲ. ಅಂಥದ್ದಕ್ಕೆ ಸ್ಥಿರ ಕಂತೇ ಲೇಸು.

ಹಂತ 5: ನಿಮ್ಮ ಯಂತ್ರಕ್ಕೆ ಯಾವುದು ಹೊಂದುತ್ತದೆ ಎಂದು ನಿರ್ಧರಿಸಿ

ಇದಕ್ಕೆ ರಿಪೇರಿಯ ಖರ್ಚನ್ನು ಸವಕಳಿಯ ಜೊತೆ ಕೂಡಿಸಿ ನೋಡುವುದು ಒಳ್ಳೆಯ ದಾರಿ. ನಮ್ಮ ಎಕ್ಸ್‌ಪೆಲ್ಲರ್‌ಗೆ ಮೊದಲ ವರ್ಷ ರಿಪೇರಿಗೆ 20,000, ಆರನೆಯ ವರ್ಷ 80,000 ತಗುಲುತ್ತದೆ ಎಂದುಕೊಳ್ಳಿ. ಸ್ಥಿರ ಕಂತಿನಲ್ಲಿ ಯಂತ್ರದ ಒಟ್ಟು ಹೊರೆ ಮೊದಲ ವರ್ಷ 65,000, ಆರನೆಯ ವರ್ಷ 1,25,000. ಇಳಿಕೆ ಶಿಲ್ಕಿನಲ್ಲಿ ಮೊದಲ ವರ್ಷ 1,20,000, ಆರನೆಯ ವರ್ಷ 1,12,768. ಎರಡನೆಯ ಪದ್ಧತಿಯಲ್ಲಿ ಹೊರೆ ಹೆಚ್ಚುಕಡಿಮೆ ಸಮನಾಗಿ ಬಂತು. ಹೊಸದಿದ್ದಾಗ ಹೆಚ್ಚು ಎಣ್ಣೆ ಹಿಂಡಿ, ಹಳತಾದಂತೆ ಹಿಂಡಿಯಲ್ಲೇ ಎಣ್ಣೆ ಬಿಡುತ್ತ ರಿಪೇರಿ ಬೇಡುವ ಯಂತ್ರಕ್ಕೆ ಇಳಿಕೆ ಶಿಲ್ಕೇ ಸರಿ ಎಂಬುದು ನನ್ನ ಅಭಿಪ್ರಾಯ. ಅದೇ ಮಿಲ್ಲಿನ ಎಣ್ಣೆಯ ಟ್ಯಾಂಕು, ಶೆಡ್ಡಿನ ಕಪಾಟು ಇವು ವರ್ಷವರ್ಷವೂ ಒಂದೇ ಬಗೆಯ ಸೇವೆ ಕೊಡುವುದರಿಂದ ಅವಕ್ಕೆ ಸ್ಥಿರ ಕಂತು ಸಾಕು.

ಬ್ಯಾಂಕ್ ಸಾಲದ ಕಂತಿಗೂ ಸವಕಳಿಗೂ ಸಂಬಂಧವಿಲ್ಲ ಎಂಬುದನ್ನು ಇಲ್ಲಿಯೇ ಹೇಳಬೇಕು. ಸಾಲವನ್ನು ಐದೇ ವರ್ಷದಲ್ಲಿ ತೀರಿಸಿದರೂ ಯಂತ್ರ ಹತ್ತು ವರ್ಷ ದುಡಿದರೆ ಸವಕಳಿ ಹತ್ತು ವರ್ಷವೇ.

ಹಂತ 6: ವರ್ಷದ ನಡುವೆ ಕೊಂಡ ಯಂತ್ರ

ಮುಂಗಾರಿನ ಕಡಲೆಕಾಯಿ ಪೇಟೆಗೆ ಬರುವ ಹೊತ್ತಿಗೆ ಯಂತ್ರ ಕೊಳ್ಳುವುದು ನಮ್ಮ ಕಡೆ ಸಾಮಾನ್ಯ. ಮೇಲಿನ ಪಟ್ಟಿ ಏಪ್ರಿಲ್ 1ರಂದೇ ಯಂತ್ರ ಸಿದ್ಧವಾಯಿತು ಎಂದುಕೊಂಡು ಮಾಡಿದ್ದು. ಅದು ಡಿಸೆಂಬರ್ 1ಕ್ಕೆ ಸಿದ್ಧವಾಗಿದ್ದರೆ ಮಾರ್ಚ್ 31ರವರೆಗೆ ನಾಲ್ಕು ತಿಂಗಳ ಸವಕಳಿ ಮಾತ್ರ: ಸ್ಥಿರ ಕಂತಿನಲ್ಲಿ 15,000, ಇಳಿಕೆ ಶಿಲ್ಕಿನಲ್ಲಿ 33,333. ಇಳಿಕೆ ಶಿಲ್ಕಿನ ಮುಂದಿನ ವರ್ಷದ ಲೆಕ್ಕ 4,66,667 ರೂಪಾಯಿಯ ಮೇಲೆ ನಡೆದು 93,333 ಬರುತ್ತದೆ. ಎಣಿಕೆ ಶುರುವಾಗಬೇಕಾದದ್ದು ಬಿಲ್ಲಿನ ದಿನಾಂಕದಿಂದಲ್ಲ, ಯಂತ್ರ ಓಡಲು ಅಣಿಯಾದ ದಿನದಿಂದ. ವಿದ್ಯುತ್ ಸಂಪರ್ಕ ಸಿಗದೆ ಎರಡು ತಿಂಗಳು ಶೆಡ್ಡಿನಲ್ಲಿ ನಿಂತ ಯಂತ್ರಕ್ಕೆ ಆ ಎರಡು ತಿಂಗಳ ಸವಕಳಿ ಇಲ್ಲ. ಆದರೆ ಒಮ್ಮೆ ಓಡಲು ಆರಂಭಿಸಿದ ಮೇಲೆ ಹಂಗಾಮು ಮುಗಿದು ಬಿಡುವಾಗಿ ನಿಂತ ತಿಂಗಳುಗಳಿಗೂ ಸವಕಳಿ ಇದ್ದೇ ಇರುತ್ತದೆ.

ಹಂತ 7: ಪುಸ್ತಕಕ್ಕೆ ಬರೆಯಿರಿ

ಮಾರ್ಚ್ 31ರಂದು ಸವಕಳಿ ಖಾತೆಗೆ ಖರ್ಚು, ಸಂಚಿತ ಸವಕಳಿ ಖಾತೆಗೆ ಜಮಾ. ಸಂಚಿತ ಸವಕಳಿ ಎಂದರೆ ಅಂದಿನವರೆಗೆ ಹಾಕಿದ ಒಟ್ಟು ಸವಕಳಿ. ಯಂತ್ರದ ಖಾತೆಯನ್ನು 5,00,000ದಲ್ಲೇ ಬಿಟ್ಟು, ಅಢಾವೆ ಪತ್ರಿಕೆಯಲ್ಲಿ ಅದರಿಂದ ಸಂಚಿತ ಸವಕಳಿಯನ್ನು ಕಳೆದು ತೋರಿಸಿ. ನೇರವಾಗಿ ಯಂತ್ರದ ಖಾತೆಯಲ್ಲೇ ಕಡಿತ ಮಾಡಿದರೆ, ಕೆಲವು ವರ್ಷಗಳ ನಂತರ ಮೂಲ ವೆಚ್ಚ ಎಷ್ಟಿತ್ತೆಂಬುದೇ ತಿಳಿಯದೆ ಸ್ಥಿರ ಕಂತಿನ ಲೆಕ್ಕ ಕೆಡುತ್ತದೆ. ಈ ನಮೂದಿನಲ್ಲಿ ನಗದು ಎಲ್ಲಿಗೂ ಹೋಗುವುದಿಲ್ಲ, ಎಲ್ಲಿಯೂ ಸೇರುವುದೂ ಇಲ್ಲ. ಹೊಸ ಯಂತ್ರಕ್ಕೆ ಹಣ ಬೇಕಿದ್ದರೆ ಅದನ್ನು ಬೇರೆಯಾಗಿಯೇ ಎತ್ತಿಡಬೇಕು.

ಹಂತ 8: ಅಂದಾಜು ತಪ್ಪಿದಾಗ, ಯಂತ್ರ ಮಾರಿದಾಗ

ಸ್ಥಿರ ಕಂತಿನಲ್ಲಿ ನಾಲ್ಕು ವರ್ಷ ಮುಗಿದಾಗ ಪುಸ್ತಕ ಮೌಲ್ಯ 3,20,000. ಎರಡು ಪಾಳಿ ಓಡಿಸಿದ್ದರಿಂದ ಯಂತ್ರ ಇನ್ನು ನಾಲ್ಕೇ ವರ್ಷ ಬಾಳುವುದೆಂದು ತಿಳಿಯಿತು ಎನ್ನಿ. ಆಗ ಹಿಂದಿನ ವರ್ಷಗಳ ಲೆಕ್ಕವನ್ನು ತಿದ್ದಲು ಹೋಗಬೇಡಿ. ಗುಜರಿ ಬೆಲೆ ಕಳೆದು ಉಳಿಯುವ 2,70,000ವನ್ನು ಮುಂದಿನ ನಾಲ್ಕು ವರ್ಷಕ್ಕೆ ಹಂಚಿ, ವರ್ಷಕ್ಕೆ 67,500ರಂತೆ ಹಾಕಿ. ಪದ್ಧತಿಯನ್ನು ಬದಲಿಸುವಾಗಲೂ ಹೀಗೆಯೇ, ಅಂದಿನ ಪುಸ್ತಕ ಮೌಲ್ಯದಿಂದ ಮುಂದಕ್ಕೆ ಮಾತ್ರ. ಲಾಭ ಕಡಿಮೆಯಾದ ವರ್ಷ ಒಂದು, ಹೆಚ್ಚಾದ ವರ್ಷ ಇನ್ನೊಂದು ಎಂದು ಪದ್ಧತಿಯನ್ನು ಬದಲಾಯಿಸುತ್ತಿದ್ದರೆ ಬ್ಯಾಂಕಿನವರು ಆ ಲೆಕ್ಕವನ್ನು ನಂಬುವುದಿಲ್ಲ, ನಂಬಲೂಬಾರದು.

ಇನ್ನು, ಅದೇ ಯಂತ್ರವನ್ನು ನಾಲ್ಕನೆಯ ವರ್ಷದ ಕೊನೆಗೆ 2,50,000ಕ್ಕೆ ಮಾರಿದಿರಿ ಎಂದಿಟ್ಟುಕೊಳ್ಳಿ. ಸ್ಥಿರ ಕಂತಿನ ಪುಸ್ತಕದಲ್ಲಿ 3,20,000 ಇದ್ದುದರಿಂದ 70,000 ನಷ್ಟ ತೋರುತ್ತದೆ. ಇಳಿಕೆ ಶಿಲ್ಕಿನ ಪುಸ್ತಕದಲ್ಲಿ 2,04,800 ಇದ್ದುದರಿಂದ 45,200 ಲಾಭ. ಒಂದರಲ್ಲಿ ಕಳೆದುಕೊಂಡೆವು, ಇನ್ನೊಂದರಲ್ಲಿ ಗಳಿಸಿದೆವು ಎಂದು ಇದರಿಂದ ತಿಳಿಯಬಾರದು. ಸ್ಥಿರ ಕಂತಿನಲ್ಲಿ ನಾಲ್ಕು ವರ್ಷದ ಸವಕಳಿ 1,80,000, ಅದಕ್ಕೆ ನಷ್ಟ 70,000 ಸೇರಿದರೆ 2,50,000. ಇಳಿಕೆ ಶಿಲ್ಕಿನಲ್ಲಿ ಸವಕಳಿ 2,95,200, ಅದರಿಂದ ಲಾಭ 45,200 ಕಳೆದರೆ ಮತ್ತೆ 2,50,000. ಐದು ಲಕ್ಷಕ್ಕೆ ತಂದು ಎರಡೂವರೆ ಲಕ್ಷಕ್ಕೆ ಕೊಟ್ಟ ಯಂತ್ರದಿಂದ ಆದ ಖರ್ಚು ಯಾವ ಪದ್ಧತಿಯಲ್ಲಾದರೂ ಎರಡೂವರೆ ಲಕ್ಷವೇ. ನಿಮ್ಮ ಲೆಕ್ಕ ಸರಿಯಿದೆಯೇ ಎಂದು ಪರೀಕ್ಷಿಸಲು ಈ ಕೂಡಿಕೆಯನ್ನೇ ಬಳಸಿ. ಎರಡೂ ಬದಿ ಒಂದೇ ಮೊತ್ತ ಬರದಿದ್ದರೆ ಎಲ್ಲೋ ಒಂದು ವರ್ಷದ ಸವಕಳಿ ಬಿಟ್ಟುಹೋಗಿದೆ ಅಥವಾ ಎರಡು ಸಲ ಬಿದ್ದಿದೆ.

ಹಂತ 9: ಆದಾಯ ತೆರಿಗೆಯ ಲೆಕ್ಕವನ್ನು ಬೇರೆ ಇಡಿ

ತೆರಿಗೆಗೆ ನಿಮ್ಮ ಅಂದಾಜಿನ ಆಯುಷ್ಯವಾಗಲಿ ಗುಜರಿ ಬೆಲೆಯಾಗಲಿ ಲೆಕ್ಕಕ್ಕೆ ಬರುವುದಿಲ್ಲ. ಅಲ್ಲಿ ನಡೆಯುವುದು ಇಳಿಕೆ ಶಿಲ್ಕು ಪದ್ಧತಿಯೇ, ಮತ್ತು ಸಾಮಾನ್ಯ ಯಂತ್ರಗಳಿಗೆ ನಿಗದಿಯಾದ ದರ ಶೇ. 15. ಸ್ಥಿರ ಕಂತಿನ ಆಯ್ಕೆ ಇರುವುದು ವಿದ್ಯುತ್ ಉತ್ಪಾದಿಸುವ ಉದ್ದಿಮೆಗಳಂಥವರಿಗೆ ಮಾತ್ರ. ಕೊಂಡ ವರ್ಷದಲ್ಲಿ ಯಂತ್ರವನ್ನು 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಅರ್ಧ ದರ. ಡಿಸೆಂಬರ್ 1ಕ್ಕೆ ಓಡಲು ಆರಂಭಿಸಿದ ನಮ್ಮ ಯಂತ್ರಕ್ಕೆ ಮಾರ್ಚ್ ಕೊನೆಗೆ ಸುಮಾರು 120 ದಿನಗಳಷ್ಟೇ ಆಗುವುದರಿಂದ ಶೇ. 7.5ರಂತೆ 37,500 ರೂಪಾಯಿ ಸಿಗುತ್ತದೆ. ನಾಲ್ಕು ತಿಂಗಳು ಎಂದು ಭಾಗಿಸುವ ಕ್ರಮ ಅಲ್ಲಿಲ್ಲ. ಒಂದೇ ದರದ ಯಂತ್ರಗಳನ್ನೆಲ್ಲ ಒಂದು ಗುಂಪಾಗಿ ಹಿಡಿಯುವುದರಿಂದ, ಒಂದನ್ನು ಮಾರಿದಾಗ ಬಂದ ಹಣವನ್ನು ಸಾಮಾನ್ಯವಾಗಿ ಆ ಗುಂಪಿನ ಶಿಲ್ಕಿನಿಂದ ಕಳೆಯುತ್ತಾರೆ, ಅದೊಂದೇ ಯಂತ್ರಕ್ಕೆ ಲಾಭ ನಷ್ಟ ಎಂದು ತೆಗೆಯುವುದಿಲ್ಲ.

ಆದ್ದರಿಂದ ಯಂತ್ರಗಳ ವಹಿಯಲ್ಲಿ ಪ್ರತಿಯೊಂದಕ್ಕೂ ಒಂದು ಪುಟ ಕೊಟ್ಟು ಮೂಲ ವೆಚ್ಚ, ಸಿದ್ಧವಾದ ದಿನಾಂಕ, ಆಯುಷ್ಯ, ಗುಜರಿ ಬೆಲೆ, ಪದ್ಧತಿ ಇವನ್ನು ತಲೆಬರಹದಲ್ಲಿ ಬರೆಯಿರಿ. ಕೆಳಗೆ ಮಿಲ್ಲಿನ ಪುಸ್ತಕದ ಸವಕಳಿಗೆ ಒಂದು ಅಂಕಣ ಇರಲಿ. ತೆರಿಗೆಯ ಗುಂಪಿನ ಶಿಲ್ಕಿಗೆ ವಹಿಯ ಕೊನೆಯಲ್ಲಿ ಪ್ರತ್ಯೇಕ ಪುಟವನ್ನೇ ತೆರೆಯಿರಿ, ಮತ್ತು ಒಂದರ ಅಂಕಿಯನ್ನು ಇನ್ನೊಂದಕ್ಕೆ ಎಂದೂ ನಕಲು ಮಾಡಬೇಡಿ.